ಬಯಾಸ್ ಬ್ಯಾಟರಿ ಇರುವ ಕ್ಲಿಪ್ಪರ್: ತರಂಗರೂಪವನ್ನು ನಾನು ಬರೆಯುವ ಕ್ರಮ

ಕ್ಲಿಪ್ಪರ್ ಸರ್ಕ್ಯೂಟ್‌ನ ಔಟ್‌ಪುಟ್ ತರಂಗವನ್ನು ಹಲವರು ಚಿತ್ರ ನೋಡಿ ಬಾಯಿಪಾಠ ಮಾಡುತ್ತಾರೆ. ಬ್ಯಾಟರಿಯನ್ನು ತಿರುಗಿಸಿದ ಕೂಡಲೇ ಆ ನೆನಪು ಕೈಕೊಡುತ್ತದೆ. ಡಿಪ್ಲೊಮಾ ಪ್ರಯೋಗಾಲಯದಲ್ಲಿ ಈ ಪ್ರಯೋಗವನ್ನು ಮಾಡಿಸುವಾಗ ನಾನು ಅನುಸರಿಸುವುದು ಒಂದೇ ಪ್ರಶ್ನೆಯನ್ನು: ಡಯೋಡ್ ಯಾವ ಇನ್‌ಪುಟ್ ವೋಲ್ಟೇಜಿಗೆ ಆನ್ ಆಗುತ್ತದೆ? ಅದಕ್ಕೆ ಉತ್ತರ ಸಿಗುವವರೆಗೆ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ ಇಡಲು ಬಿಡುವುದಿಲ್ಲ.

ನಾನು ಸಾಮಾನ್ಯವಾಗಿ ಜೋಡಿಸುವ ಸರ್ಕ್ಯೂಟ್ ಹೀಗಿದೆ. ಫಂಕ್ಷನ್ ಜನರೇಟರಿನಿಂದ 1 ಕಿಲೋಹರ್ಟ್ಸ್ ಆವರ್ತನದ, 10 ವೋಲ್ಟ್ ಶಿಖರಮೌಲ್ಯದ ಸೈನ್ ತರಂಗ ಹೊರಟು, 10 ಕಿಲೋಓಮ್ ರೆಸಿಸ್ಟರ್ ಮೂಲಕ ಔಟ್‌ಪುಟ್ ಬಿಂದುವಿಗೆ ಬರುತ್ತದೆ. ಆ ಬಿಂದುವಿಗೆ 1N4148 ಡಯೋಡಿನ ಆನೋಡ್ ಸೇರಿದೆ. ಡಯೋಡಿನ ಮೇಲೆ ಪಟ್ಟಿ ಇರುವ ತುದಿ, ಅಂದರೆ ಕ್ಯಾಥೋಡ್, ಬ್ಯಾಟರಿಯ ಧನ ತುದಿಗೆ ಸೇರಿದೆ. ಋಣ ತುದಿ ಗ್ರೌಂಡಿಗೆ. ಬ್ಯಾಟರಿಯಾಗಿ ಸರಣಿಯಲ್ಲಿಟ್ಟ ಎರಡು ಪೆನ್ಸಿಲ್ ಸೆಲ್‌ಗಳು ಸಾಕು. ಆದರೆ ಹೊಸ ಸೆಲ್‌ಗಳು 3 ವೋಲ್ಟಿಗಿಂತ ತುಸು ಹೆಚ್ಚೇ ಕೊಡುವುದರಿಂದ, ಮಲ್ಟಿಮೀಟರಿನಲ್ಲಿ ಅಳೆದ ಮೌಲ್ಯವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿ ಅದು 3 ವೋಲ್ಟ್ ಎಂದಿಟ್ಟುಕೊಳ್ಳೋಣ.

ಮೊದಲು ಡಯೋಡ್ ಆಫ್ ಆಗಿದೆ ಎಂದು ಭಾವಿಸುತ್ತೇನೆ. ಆಗ ರೆಸಿಸ್ಟರಿನಲ್ಲಿ ಕರೆಂಟ್ ಹರಿಯದು, ಅದರ ಮೇಲೆ ವೋಲ್ಟೇಜ್ ಬೀಳದು, ಹಾಗಾಗಿ ಆನೋಡಿನಲ್ಲಿರುವುದು ಇನ್‌ಪುಟ್ ವೋಲ್ಟೇಜೇ. ಕ್ಯಾಥೋಡ್ 3 ವೋಲ್ಟಿನಲ್ಲಿ ನಿಂತಿದೆ. ಸಿಲಿಕಾನ್ ಡಯೋಡ್ ಆನ್ ಆಗಲು ಸುಮಾರು 0.6 ವೋಲ್ಟ್ ಬೇಕಾದ್ದರಿಂದ, ಇನ್‌ಪುಟ್ 3.6 ವೋಲ್ಟ್ ದಾಟುವವರೆಗೆ ನಮ್ಮ ಊಹೆ ನಿಲ್ಲುತ್ತದೆ ಮತ್ತು ಔಟ್‌ಪುಟ್ ಇನ್‌ಪುಟ್ಟನ್ನೇ ಅನುಸರಿಸುತ್ತದೆ. ಅದನ್ನು ದಾಟಿದ ಮೇಲೆ ಡಯೋಡ್ ಔಟ್‌ಪುಟ್ಟನ್ನು 3.6 ವೋಲ್ಟಿಗೆ ಹಿಡಿದು ನಿಲ್ಲಿಸುತ್ತದೆ. ಉಳಿದ ವೋಲ್ಟೇಜ್ ರೆಸಿಸ್ಟರಿನ ಪಾಲು.

ಇಷ್ಟಾದ ಮೇಲೆ ಚಿತ್ರ ಬರೆಯುವುದು ಸುಲಭ. ಪೂರ್ಣ ಸೈನ್ ತರಂಗವನ್ನು ತೆಳುವಾಗಿ ಬರೆದು, 3.6 ವೋಲ್ಟಿನಲ್ಲಿ ಅಡ್ಡಗೆರೆ ಎಳೆದು, ಗೆರೆಯ ಮೇಲಿನ ಭಾಗವನ್ನು ಅಳಿಸಿ, ಉಳಿದದ್ದನ್ನು ದಪ್ಪಗೆ ತಿದ್ದುತ್ತೇನೆ. ಆದರೆ ಚಪ್ಪಟೆ ಭಾಗ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅಂದಾಜಿಗೆ ಬಿಡಬಾರದು. 10 sin θ = 3.6 ಎಂದಿಟ್ಟರೆ θ ಸುಮಾರು 21 ಡಿಗ್ರಿ. ಆದ್ದರಿಂದ 21ರಿಂದ 159 ಡಿಗ್ರಿಯವರೆಗೆ ತಲೆ ಚಪ್ಪಟೆ. ಋಣ ಅರ್ಧದಲ್ಲಿ ಡಯೋಡ್ ಪೂರ್ತಿ ಆಫ್, ತರಂಗ −10 ವೋಲ್ಟಿನವರೆಗೂ ಇಳಿಯುತ್ತದೆ. ಸಿಆರ್‌ಒ ಪರದೆಯಲ್ಲಿ ಮೂಲೆಗಳು ಚೂಪಾಗಿರದೆ ತುಸು ದುಂಡಗೆ ಕಾಣುವುದು ದೋಷವಲ್ಲ. ಡಯೋಡ್ ಒಮ್ಮೆಗೇ ಆನ್ ಆಗದೆ, ಕರೆಂಟ್ ಏರಿದಂತೆ ಅದರ ವೋಲ್ಟೇಜ್ ಸ್ವಲ್ಪಸ್ವಲ್ಪವೇ ಏರುವುದರ ಗುರುತು ಅದು.

ಪರದೆಯ ಮೇಲೆ ಚಪ್ಪಟೆ ತಲೆ 5.2 ವೋಲ್ಟಿನ ಆಸುಪಾಸಿನಲ್ಲಿ, ಕೆಳತುದಿ −8.4ರ ಬಳಿ ಕಂಡರೆ ಸರ್ಕ್ಯೂಟನ್ನು ಬಿಚ್ಚುವ ಅಗತ್ಯವಿಲ್ಲ. ಚಾನಲ್ ಎಸಿ ಕಪ್ಲಿಂಗ್‌ನಲ್ಲಿದೆ ಎಂದರ್ಥ. ತಲೆ ಕತ್ತರಿಸಿದ ತರಂಗದ ಸರಾಸರಿ ಶೂನ್ಯವಲ್ಲ, ಸುಮಾರು −1.6 ವೋಲ್ಟ್, ಎಸಿ ಕಪ್ಲಿಂಗ್ ಆ ಸರಾಸರಿಯನ್ನು ತೆಗೆದುಹಾಕುವುದರಿಂದ ಇಡೀ ತರಂಗ ಅಷ್ಟೇ ಮೇಲಕ್ಕೆ ಸರಿಯುತ್ತದೆ. ಡಿಸಿಗೆ ಬದಲಿಸಿ, ಗ್ರೌಂಡ್ ಗೆರೆಯನ್ನು ಸರಿಯಾಗಿ ಕೂರಿಸಿದರೆ 3.6 ಸಿಗುತ್ತದೆ. ಕ್ಲಿಪ್ಪರ್ ಪ್ರಯೋಗದಲ್ಲಿ ನಾನು ಮೊದಲು ನೋಡುವ ಸ್ವಿಚ್ ಇದೇ.

ಈಗ ಬ್ಯಾಟರಿಯನ್ನು ತಿರುಗಿಸಿ, ಋಣ ತುದಿಯನ್ನು ಕ್ಯಾಥೋಡಿಗೆ ಕೊಡೋಣ. ಕ್ಯಾಥೋಡ್ −3 ವೋಲ್ಟಿನಲ್ಲಿರುವುದರಿಂದ ಇನ್‌ಪುಟ್ −2.4 ವೋಲ್ಟ್ ದಾಟಿದರೆ ಸಾಕು, ಡಯೋಡ್ ಆನ್. ಅಂದರೆ ಇನ್‌ಪುಟ್ ಶೂನ್ಯವಿದ್ದಾಗಲೂ ಅದು ಆನ್ ಆಗಿಯೇ ಇರುತ್ತದೆ, ಧನ ಅರ್ಧ ಪೂರ್ತಿ ಮಾಯವಾಗಿ ಔಟ್‌ಪುಟ್ −2.4ರಲ್ಲಿ ಗೆರೆಯಂತೆ ನಿಲ್ಲುತ್ತದೆ. ಸುಮಾರು 194ರಿಂದ 346 ಡಿಗ್ರಿಯವರೆಗೆ ಮಾತ್ರ ತರಂಗದ ಕೆಳಭಾಗ ಉಳಿಯುತ್ತದೆ. ಈ ಚಿತ್ರದಲ್ಲಿ ಗೆರೆಯನ್ನು ಶೂನ್ಯದಲ್ಲಿ ಎಳೆಯುವುದು ವಿದ್ಯಾರ್ಥಿಗಳಲ್ಲಿ ಬಹಳ ಸಾಮಾನ್ಯ.

ಸೆಲ್ ಬದಲು ರೆಗ್ಯುಲೇಟೆಡ್ ಪವರ್ ಸಪ್ಲೈ ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಮೊದಲ ಜೋಡಣೆಯಲ್ಲಿ ಡಯೋಡಿನ ಕರೆಂಟ್ ಬ್ಯಾಟರಿಯ ಧನ ತುದಿಯ ಒಳಕ್ಕೆ ಹರಿಯುತ್ತದೆ. ಶಿಖರದಲ್ಲಿ ಅದು 6.4 ವೋಲ್ಟ್ ಭಾಗ 10 ಕಿಲೋಓಮ್, ಅಂದರೆ 0.64 ಮಿಲಿಆಂಪ್. ಸಾಧಾರಣ ಸಪ್ಲೈ ಕರೆಂಟನ್ನು ಹೊರಗೆ ಕೊಡಬಲ್ಲದೇ ಹೊರತು ಒಳಗೆ ಎಳೆದುಕೊಳ್ಳಲಾರದು, ಹೀಗಾಗಿ ಅದರ ವೋಲ್ಟೇಜೇ ಮೇಲೇರಬಹುದು. ಪತ್ತೆ ಮಾಡಲು ಇನ್‌ಪುಟ್ಟನ್ನು 5ರಿಂದ 10 ವೋಲ್ಟ್ ಶಿಖರಕ್ಕೆ ನಿಧಾನವಾಗಿ ಏರಿಸಿ ನೋಡುತ್ತೇನೆ: ಚಪ್ಪಟೆ ತಲೆ ಇದ್ದಲ್ಲೇ ಇರದೆ ಜೊತೆಗೇ ಏರಿದರೆ, ಸಪ್ಲೈಯ ಎರಡು ತುದಿಗಳ ನಡುವೆ 1 ಕಿಲೋಓಮ್ ರೆಸಿಸ್ಟರ್ ಹಾಕುತ್ತೇನೆ. ಅದು 3 ಮಿಲಿಆಂಪ್ ಸದಾ ಎಳೆಯುವುದರಿಂದ ಡಯೋಡಿನ ಕರೆಂಟಿಗೂ ಅಲ್ಲೇ ದಾರಿ ಸಿಗುತ್ತದೆ, ಮಟ್ಟ 3.6ರಲ್ಲಿ ನಿಲ್ಲುತ್ತದೆ.