ತೊಟ್ಟಿಯಿಂದ ಬಂದ ತಂತಿ, ಪಿನ್ನಿಗೆ ಬಿದ್ದ ಹೊಡೆತ

ಪರಿಚಯದವರೊಬ್ಬರ ಅಡಿಕೆ ತೋಟದಲ್ಲಿ ಸ್ಟಾರ್ಟರ್ ಇರುವ ಶೆಡ್ಡಿನಿಂದ ನೀರಿನ ತೊಟ್ಟಿಗೆ 80 ಮೀಟರ್ ದೂರ. ತೊಟ್ಟಿಯಲ್ಲಿ ಒಂದು ಫ್ಲೋಟ್ ಸ್ವಿಚ್ ಇದೆ. ನೀರು ತುಂಬಿದಾಗ ಅದರ ಸಂಪರ್ಕ ಬಿಟ್ಟುಕೊಳ್ಳುತ್ತದೆ, ಶೆಡ್ಡಿನಲ್ಲಿರುವ ಅಟ್‌ಮೆಗಾ 328ಪಿ ಮೈಕ್ರೊಕಂಟ್ರೋಲರಿನ ಬೋರ್ಡು ಮೋಟಾರನ್ನು ನಿಲ್ಲಿಸುತ್ತದೆ. ನಡುವೆ ತಂತಿ ತುಂಡಾದರೂ ಮೋಟಾರ್ ನಿಲ್ಲಲಿ ಎಂದೇ ಈ ಏರ್ಪಾಡು. ಆದರೆ ಅವರಿಗೆ ಯಾರೋ ಮಾಡಿಕೊಟ್ಟಿದ್ದ ಬೋರ್ಡಿನಲ್ಲಿ ತೊಟ್ಟಿಯ ತಂತಿ ನೇರವಾಗಿ ಮೈಕ್ರೊಕಂಟ್ರೋಲರಿನ ಪಿನ್ನಿಗೇ ಬಂದು ಸೇರುತ್ತಿತ್ತು. ಮೋಟಾರ್ ನಿಂತಾಗಲೆಲ್ಲ ಬೋರ್ಡು ರೀಸೆಟ್ ಆಗುತ್ತಿತ್ತು. ಕೊನೆಗೆ ತೊಟ್ಟಿ ಖಾಲಿ ಇದ್ದರೂ ತುಂಬಿದೆ ಎಂದೇ ಹೇಳತೊಡಗಿತು. ಆಗ ಅದು ನನ್ನ ಮೇಜಿಗೆ ಬಂತು.

ಮೊದಲು ನೋಡಬೇಕಾದದ್ದು ಪಿನ್ ನಿಜವಾಗಿ ಸುಟ್ಟಿದೆಯೇ ಎಂಬುದನ್ನು. ಹೊರಗಿನ ತಂತಿಯನ್ನೂ, ಪಿನ್ನನ್ನು 5 ವೋಲ್ಟಿನ ಕಡೆಗೆ ಎಳೆದಿಡುವ ಪುಲ್‌ಅಪ್ ರೆಸಿಸ್ಟರನ್ನೂ ಬಿಚ್ಚಿ, `pinMode(2, INPUT);` ಎಂದು ಬರೆದು ಆ ಪಿನ್ನನ್ನು ಬರಿಯ ಇನ್‌ಪುಟ್ ಮಾಡಿದೆ. ಅಲ್ಲಿಂದ ಗ್ರೌಂಡಿಗೆ 1 ಮೆಗಾ ಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಅಳೆದೆ. ಆರೋಗ್ಯವಂತ ಪಿನ್ ಸೊನ್ನೆಯ ಹತ್ತಿರ, ಹೆಚ್ಚೆಂದರೆ ಕೆಲವು ಮಿಲಿವೋಲ್ಟ್ ತೋರಿಸುತ್ತದೆ. ಇದು ಮೂರು ವೋಲ್ಟಿಗಿಂತ ಮೇಲೆ ನಿಂತಿತ್ತು. ಅಂದರೆ ಒಳಗಿನ ರಕ್ಷಣಾ ಡಯೋಡು ಅಥವಾ ಅದರ ಪಕ್ಕದ ಟ್ರಾನ್ಸಿಸ್ಟರು ಸೋರುತ್ತಿದೆ. ಅದೇ ಚಿಪ್ಪಿನ ಪಕ್ಕದ ಪಿನ್ನುಗಳು ಸರಿಯಾಗಿದ್ದವು. ಹೀಗೆ ಅರ್ಧ ಸತ್ತ ಪಿನ್ ತುಂಬ ದಿನ ಕೆಲಸ ಮಾಡುತ್ತಲೇ ಇರಬಹುದು, ಆದ್ದರಿಂದ ಸಂಶಯ ಬಂದ ಬೋರ್ಡುಗಳಿಗೆಲ್ಲ ಈ ಪರೀಕ್ಷೆ ಮಾಡುತ್ತೇನೆ.

ನಂತರ ತೋಟಕ್ಕೆ ಹೋಗಿ ಕೇಬಲ್ಲಿನ ತುದಿಗೆ ಆಸಿಲೋಸ್ಕೋಪ್ ಹಾಕಿ ನೋಡಿದೆ. ಮೋಟಾರಿನ ತಂತಿಯೂ ಫ್ಲೋಟಿನ ತಂತಿಯೂ ಬಹುದೂರ ಒಂದೇ ಪಿವಿಸಿ ಪೈಪಿನಲ್ಲಿ ಹೋಗುತ್ತಿದ್ದವು. ಮೋಟಾರಿಗೆ ವಿದ್ಯುತ್ ಕೊಟ್ಟು ಕಡಿಯುವ ಕಾಂಟ್ಯಾಕ್ಟರ್ ಬಿಟ್ಟ ಕ್ಷಣ ಎಪ್ಪತ್ತು ವೋಲ್ಟಿನಷ್ಟು ಎತ್ತರದ, ಮೈಕ್ರೊಸೆಕೆಂಡುಗಳ ಕಾಲದ ಸ್ಪಂದನಗಳ ಗೊಂಚಲು ಕಾಣಿಸಿತು. ತೊಟ್ಟಿ ತುಂಬಿದಾಗ ಫ್ಲೋಟ್ ತೆರೆದಿರುತ್ತದೆ, ತಂತಿಯ ತುದಿ ಯಾವುದಕ್ಕೂ ಸೇರದೆ ಬಿಡಿಯಾಗಿರುತ್ತದೆ. ಕಾಂಟ್ಯಾಕ್ಟರ್ ಬಿಡುವುದೂ ಸರಿಯಾಗಿ ಅದೇ ಹೊತ್ತಿಗೆ. ತಂತಿ ಅತ್ಯಂತ ದುರ್ಬಲವಾಗಿರುವ ಗಳಿಗೆಯಲ್ಲೇ ಹೊಡೆತ ಬೀಳುತ್ತಿತ್ತು.

ಈ ಚಿಪ್ಪಿನ ಪಿನ್ ತಡೆದುಕೊಳ್ಳುವ ಮಿತಿ ಗ್ರೌಂಡಿಗಿಂತ 0.5 ವೋಲ್ಟ್ ಕೆಳಗಿನಿಂದ ಪೂರೈಕೆಗಿಂತ 0.5 ವೋಲ್ಟ್ ಮೇಲಿನವರೆಗೆ. ಅದರಾಚೆ ಒಳಗಿನ ಡಯೋಡುಗಳಲ್ಲಿ ಪ್ರವಾಹ ಹರಿಯತೊಡಗುತ್ತದೆ. ಅವು ಒಂದು ಮಿಲಿಆಂಪಿಯರಿಗಿಂತ ಹೆಚ್ಚು ಹೊರಬಾರದು ಎಂಬುದು ನಾನು ಇಟ್ಟುಕೊಂಡ ಗೆರೆ. ಹಾಗಾಗಿ ಹೊಸ ಬೋರ್ಡಿನಲ್ಲಿ ಹೊಡೆತವನ್ನು ಒಂದೇ ಕಡೆ ತಡೆಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆ.

ತಂತಿ ಬಂದು ಸೇರುವ ಟರ್ಮಿನಲ್ಲಿನ ಬುಡದಲ್ಲೇ ಗ್ರೌಂಡಿಗೆ 10 ನ್ಯಾನೊಫ್ಯಾರಡಿನ ಡಿಸ್ಕ್ ಸೆರಾಮಿಕ್ ಕೆಪಾಸಿಟರ್ ಹಾಕಿದೆ. ಅದರ ಮೇಲೆ 103 ಎಂದೂ 1 ಕಿಲೋವೋಲ್ಟ್ ಎಂದೂ ಬರೆದಿರುತ್ತದೆ. ಸ್ಥಿರ ವಿದ್ಯುತ್ತಿನ ಹೊಡೆತಕ್ಕೆ ನನ್ನ ಲೆಕ್ಕದಲ್ಲಿ ಇದೇ ಮುಖ್ಯ ಭಾಗ. ಮನುಷ್ಯನ ಕೈಯಿಂದ ಬರುವ ಕಿಡಿಯನ್ನು ಪರೀಕ್ಷಾಲಯಗಳಲ್ಲಿ 150 ಪಿಕೊಫ್ಯಾರಡ್, 330 ಓಮ್‌ಗಳ ಮಾದರಿಯಿಂದ ಅನುಕರಿಸುತ್ತಾರೆ. ಎಂಟು ಸಾವಿರ ವೋಲ್ಟ್ ಎಂದರೆ ಹೆದರಿಕೆಯಾಗುತ್ತದೆ, ಆದರೆ ಅದರಲ್ಲಿರುವ ಚಾರ್ಜು ಬಹಳ ಕಡಿಮೆ. ಆ ಚಾರ್ಜು 10 ನ್ಯಾನೊಫ್ಯಾರಡಿನೊಂದಿಗೆ ಹಂಚಿಕೊಂಡರೆ ಉಳಿಯುವುದು 8000 × 150 / 10150, ಅಂದರೆ ಸುಮಾರು 118 ವೋಲ್ಟ್. ಈ ಲೆಕ್ಕ ನಿಜವಾಗಬೇಕಾದರೆ ಕೆಪಾಸಿಟರಿನ ಕಾಲುಗಳು ಗಿಡ್ಡವಾಗಿರಬೇಕು. ತಂತಿಯ ಪ್ರತಿ ಮಿಲಿಮೀಟರಿಗೂ ಸುಮಾರು ಒಂದು ನ್ಯಾನೊಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಒಂದು ನ್ಯಾನೊಸೆಕೆಂಡಿನೊಳಗೆ 30 ಆಂಪಿಯರಿಗೆ ಏರುವ ಪ್ರವಾಹಕ್ಕೆ 20 ಮಿಲಿಮೀಟರ್ ಕಾಲು ಸಿಕ್ಕಿದರೆ ಅದೊಂದರ ಮೇಲೆಯೇ 600 ವೋಲ್ಟ್ ಎದ್ದು ನಿಲ್ಲುತ್ತದೆ.

ಅಲ್ಲಿಂದ ಮುಂದೆ ಸಾಲಿನಲ್ಲಿ 1 ಕಿಲೋ ಓಮ್, ಅರ್ಧ ವ್ಯಾಟಿನ, ಕಾಲುಳ್ಳ ರೆಸಿಸ್ಟರ್. ಸಣ್ಣ ಚಿಪ್ ರೆಸಿಸ್ಟರ್ ಇಲ್ಲಿ ಬೇಡ, ಅದರ ಎರಡು ತುದಿಗಳ ನಡುವೆ ಕಿಡಿ ಹಾರಿಬಿಟ್ಟರೆ ರೆಸಿಸ್ಟರ್ ಇದ್ದೂ ಇಲ್ಲದಂತೆ. ರೆಸಿಸ್ಟರಿನ ಆಚೆ ತುದಿಯಲ್ಲಿ ಬಿಎಟಿ54ಎಸ್. ಒಂದೇ ಕವಚದಲ್ಲಿ ಎರಡು ಷಾಟ್ಕಿ ಡಯೋಡುಗಳಿರುವ ಬಿಡಿಭಾಗ ಅದು: ಒಂದು 5 ವೋಲ್ಟಿನ ಕಡೆಗೆ, ಇನ್ನೊಂದು ಗ್ರೌಂಡಿನಿಂದ ಮೇಲಕ್ಕೆ. ನೂರು ವೋಲ್ಟಿನ ಹೊಡೆತ ಬಂದರೆ ಡಯೋಡಿನಲ್ಲಿ ಸುಮಾರು 95 ಮಿಲಿಆಂಪಿಯರ್ ಹರಿಯುತ್ತದೆ. ಸತತವಾಗಿ 200 ಮಿಲಿಆಂಪಿಯರ್ ಹೊರಬಲ್ಲ ಡಯೋಡಿಗೆ ಅದು ಭಾರವಲ್ಲ.

ಆದರೆ ಅಷ್ಟು ಪ್ರವಾಹದಲ್ಲಿ ಷಾಟ್ಕಿ ಡಯೋಡಿನ ಮೇಲೂ ಮುಕ್ಕಾಲು ವೋಲ್ಟಿನಷ್ಟು ನಿಲ್ಲುತ್ತದೆ. ಅಂದರೆ ಆ ಬಿಂದು 5.8 ವೋಲ್ಟಿಗೆ ಹೋಗುತ್ತದೆ, ಪಿನ್ನಿನ ಮಿತಿ 5.5. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಆ ಬಿಂದುವಿನಿಂದ ಪಿನ್ನಿಗೆ ಇನ್ನೊಂದು 10 ಕಿಲೋ ಓಮ್ ಹಾಕಿ, ಪಿನ್ನಿನಲ್ಲಿ ಗ್ರೌಂಡಿಗೆ 100 ನ್ಯಾನೊಫ್ಯಾರಡ್ ಇಟ್ಟೆ. ಈಗ ಒಳಗಿನ ಡಯೋಡಿನಲ್ಲಿ ಪ್ರವಾಹ ಹರಿದರೂ ಅದಕ್ಕೆ ಸಿಗುವುದು ಕೆಲವು ಹತ್ತು ಮೈಕ್ರೊಆಂಪಿಯರ್ ಮಾತ್ರ. ಜೊತೆಗೆ ಒಂದು ಮಿಲಿಸೆಕೆಂಡಿನ ಫಿಲ್ಟರೂ ಸಿಕ್ಕಿತು.

ಪುಲ್‌ಅಪ್ ಎಲ್ಲಿ ಹಾಕಬೇಕು ಎಂಬುದನ್ನು ಯೋಚಿಸಿಯೇ ನಿರ್ಧರಿಸಬೇಕು. ಟರ್ಮಿನಲ್ಲಿಗೇ ಹಾಕಿದರೆ ಹೊಡೆತ ಅದರ ಮೂಲಕ ಕಾವಲನ್ನು ತಪ್ಪಿಸಿಕೊಂಡು ನೇರ 5 ವೋಲ್ಟಿನ ಪೂರೈಕೆಯ ಹಳಿಗೆ ಸೇರುತ್ತದೆ. ಆದ್ದರಿಂದ 4.7 ಕಿಲೋ ಓಮ್ ಪುಲ್‌ಅಪ್ಪನ್ನು ಡಯೋಡುಗಳ ಬಿಂದುವಿಗೆ ಹಾಕಿದೆ. ಫ್ಲೋಟ್ ಮುಚ್ಚಿದಾಗ ಆ ಬಿಂದು ಪೂರ್ತಿ ಸೊನ್ನೆಗೆ ಇಳಿಯುವುದಿಲ್ಲ, 5 × 1 / 5.7, ಅಂದರೆ 0.88 ವೋಲ್ಟಿನಲ್ಲಿ ನಿಲ್ಲುತ್ತದೆ. ಈ ಚಿಪ್ಪು 1.5 ವೋಲ್ಟಿನವರೆಗೂ ಅದನ್ನು ಸೊನ್ನೆ ಎಂದೇ ಓದುವುದರಿಂದ ತೊಂದರೆಯಿಲ್ಲ.

ಮೇಲಿನ ಡಯೋಡು ಪ್ರವಾಹವನ್ನು ನುಂಗುವುದಿಲ್ಲ, 5 ವೋಲ್ಟಿನ ಹಳಿಗೆ ತಳ್ಳುತ್ತದೆ. 7805ರಂಥ ರೆಗ್ಯುಲೇಟರಿಗೆ ಪ್ರವಾಹ ಕೊಡಲು ಬರುತ್ತದೆಯೇ ಹೊರತು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಚಿಕ್ಕ ಸ್ಪಂದನವನ್ನು ಹಳಿಯ ಮೇಲಿನ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ತಾಳಿಕೊಳ್ಳುತ್ತದೆ. ಆದರೆ ಯಾರಾದರೂ ಆ ಟರ್ಮಿನಲ್ಲಿಗೆ 24 ವೋಲ್ಟ್ ಕೊಟ್ಟರೆ 18 ಮಿಲಿಆಂಪಿಯರ್ ಸತತವಾಗಿ ಒಳಬರುತ್ತದೆ. ಬೋರ್ಡು ಅಷ್ಟನ್ನು ಬಳಸದಿದ್ದರೆ ಹಳಿಯೇ ಮೇಲೇರಿ ಇಡೀ ಚಿಪ್ಪು ಸಾಯುತ್ತದೆ. ಅದಕ್ಕಾಗಿ ಹಳಿಗೂ ಗ್ರೌಂಡಿಗೂ ನಡುವೆ ಒಂದು ವ್ಯಾಟಿನ, 5.6 ವೋಲ್ಟಿನ ಝೀನರ್ ಹಾಕಿದೆ.

ಮೇಜಿನ ಮೇಲೆ ಎರಡು ಬಗೆಯಲ್ಲಿ ಪರೀಕ್ಷಿಸಿದೆ. ಅಡುಗೆಮನೆಯ ಗ್ಯಾಸ್ ಲೈಟರಿನ ಕಿಡಿಯನ್ನು ಟರ್ಮಿನಲ್ಲಿಗೆ ಹಾರಿಸುವುದು ಒಂದು. ಅದಕ್ಕೆ ಅಳತೆಯ ನಿಖರತೆ ಇಲ್ಲ, ಆದರೆ ದೋಷವಿದ್ದರೆ ಬೇಗ ಹೊರಬೀಳುತ್ತದೆ. ಇನ್ನೊಂದು, ರಿಲೇಯ ಸುರುಳಿಯನ್ನು ಅದರದೇ ಮುಚ್ಚಿದ ಸಂಪರ್ಕದ ಮೂಲಕ ಜೋಡಿಸಿ ಕಟಕಟ ಎನ್ನುತ್ತಲೇ ಇರುವಂತೆ ಮಾಡಿ, ಅದರ ತಂತಿಯನ್ನು ಫ್ಲೋಟಿನ ಕೇಬಲ್ಲಿಗೆ ಒಂದೆರಡು ಮೀಟರ್ ಸುತ್ತುವುದು. ಹಳೆಯ ಬೋರ್ಡು ಇದಕ್ಕೆ ತಕ್ಷಣ ರೀಸೆಟ್ ಆಯಿತು. ಹೊಸದು ಅಲುಗಾಡಲಿಲ್ಲ. ಕೊನೆಯಲ್ಲಿ 1 ಮೆಗಾ ಓಮ್ ಪರೀಕ್ಷೆಯನ್ನು ಮತ್ತೆ ಮಾಡಿ ಪಿನ್ ಸೋರುತ್ತಿಲ್ಲ ಎಂದು ಖಚಿತಪಡಿಸಿಕೊಂಡೆ. ತೋಟದಲ್ಲಿ ಫ್ಲೋಟಿನ ತಂತಿಗೆ ಬೇರೆಯೇ ಪೈಪು ಹಾಕಿಸಿದೆವು. ಹೊಡೆತವನ್ನು ಹುಟ್ಟುವಲ್ಲಿಯೇ ತಗ್ಗಿಸುವ ಕೆಲಸ ಅದು, ಸರ್ಕ್ಯೂಟ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಬಿಡಬಾರದು.

ಈ ಏರ್ಪಾಡು ಸಿಡಿಲಿಗೆ ಸಾಲದು. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಶೆಡ್ಡಿನ ನೆಲಕ್ಕೂ ತೊಟ್ಟಿಯ ನೆಲಕ್ಕೂ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು, ಆಗ ಈ ರೆಸಿಸ್ಟರೂ ಡಯೋಡೂ ಒಟ್ಟಿಗೆ ಹೋಗುತ್ತವೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಯ ಊರುಗಳಿಗೆ ನಾನು ಟರ್ಮಿನಲ್ಲಿನಲ್ಲಿ ಗ್ಯಾಸ್ ಡಿಸ್ಚಾರ್ಜ್ ಟ್ಯೂಬನ್ನೂ ಬೇರೆಯೇ ಪೂರೈಕೆಯಿಂದ ನಡೆದು ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೊಕಪ್ಲರನ್ನೂ ಸೇರಿಸುತ್ತೇನೆ.