ಧ್ವಜ ಹಾರಿದ ಮೇಲೆ ನಾಲ್ಕು ನಿಮಿಷ

ನಮ್ಮದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ. ನಾನು ಮುಖ್ಯ ಶಿಕ್ಷಕನಾದ ಮೊದಲ ವರ್ಷ ಆಗಸ್ಟ್ 15ರಂದು ಇಪ್ಪತ್ತು ನಿಮಿಷ ಮಾತಾಡಿದ್ದೆ. ಮಧ್ಯದಲ್ಲಿ ಒಂದನೇ ತರಗತಿಯ ಹುಡುಗಿಯೊಬ್ಬಳು ತಲೆಸುತ್ತಿ ಕುಸಿದು ಕುಳಿತಳು. ಬೆಳಿಗ್ಗೆ ಪ್ರಭಾತಫೇರಿ ಅಂತ ಏನೂ ತಿನ್ನದೇ ಬಂದಿದ್ದಳು. ಊರೆಲ್ಲ ಸುತ್ತಿ, ಧ್ವಜದ ಮುಂದೆ ಸಾವಧಾನದಲ್ಲಿ ನಿಂತು, ಆಮೇಲೆ ನನ್ನ ಮಾತು. ಅವಳನ್ನು ಆರೈಕೆ ಮಾಡಿದ್ದು ಅಡುಗೆಯವರು. ಆ ದಿನದಿಂದ ನನ್ನ ಭಾಷಣಕ್ಕೆ ನಾಲ್ಕು ನಿಮಿಷ ಅಂತ ಗೆರೆ ಎಳೆದುಕೊಂಡೆ. ರಾಷ್ಟ್ರಗೀತೆ ಮುಗಿದ ಕೂಡಲೇ 'ವಿಶ್ರಾಮ್' ಹೇಳಿಸಿ, ಮಕ್ಕಳನ್ನು ಕೂರಿಸಿಯೇ ಮಾತು ಶುರು ಮಾಡುತ್ತೇನೆ.

ನಾಲ್ಕು ನಿಮಿಷ ಅಂದರೆ ಬರೆದಾಗ ನೋಟ್‌ಬುಕ್ಕಿನ ಒಂದೂವರೆ ಪುಟ. ಮಕ್ಕಳಿಗೆ ನಿಧಾನವಾಗಿ ಹೇಳಬೇಕು, ಮೈಕಿನ ದನಿ ಎದುರಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅಷ್ಟರಲ್ಲಿ ಹಿಡಿಸುವುದು ಒಂದೇ ಕಥೆ. ಇಡೀ ಸ್ವಾತಂತ್ರ್ಯ ಹೋರಾಟವನ್ನು ಹೇಳಲು ಹೋದರೆ ಬರೀ ಹೆಸರುಗಳ ಪಟ್ಟಿಯಾಗುತ್ತದೆ. ಹಾಗಾಗಿ ಒಂದು ವರ್ಷ ಮದ್ದೂರಿನ ಶಿವಪುರವನ್ನು ಆರಿಸಿಕೊಂಡೆ. 1938ರ ಏಪ್ರಿಲ್‌ನಲ್ಲಿ ಅಲ್ಲಿ ತ್ರಿವರ್ಣ ಧ್ವಜ ಹಾರಿಸಬಾರದು ಅಂತ ಮೈಸೂರು ಸಂಸ್ಥಾನದ ಸರ್ಕಾರ ಆಜ್ಞೆ ಮಾಡಿತ್ತು. ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಜನ ಅದನ್ನು ಮೀರಿದರು, ಬಂಧನಕ್ಕೂ ಒಳಗಾದರು. ಧ್ವಜದ ಕಂಬದ ಕೆಳಗೇ ಕೂತಿರುವ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ?

ಬರೆದದ್ದನ್ನು ಹಿಂದಿನ ದಿನ ನಾಲ್ಕನೇ ತರಗತಿಗೆ ಓದಿ ಹೇಳಿದೆ. 'ಸಂಸ್ಥಾನ' ಅಂದಾಗ ಮುಖಗಳು ಖಾಲಿ. 'ಸತ್ಯಾಗ್ರಹ' ಪದ ಪಾಠದಲ್ಲಿ ಕೇಳಿದ್ದರು, ಅರ್ಥ ಗೊತ್ತಿರಲಿಲ್ಲ. ಎರಡನ್ನೂ ತೆಗೆದೆ. 'ಆಗ ನಮ್ಮ ಕಡೆ ಮಹಾರಾಜರ ಆಡಳಿತವಿತ್ತು', 'ಯಾರಿಗೂ ಹೊಡೆಯದೆ, ಹೆದರದೆ ಹೋದರು' ಅಂತ ಬದಲಾಯಿಸಿದೆ. ಪಕ್ಷದ ಹೆಸರನ್ನೂ ಬಿಟ್ಟು 'ಹೋರಾಟಗಾರರು' ಅಂದೆ. ಹೆಸರು ಹೇಳುವುದು ತಪ್ಪಲ್ಲ, ಆದರೆ ಪೋಷಕರ ಮನಸ್ಸು ತಕ್ಷಣ ಈಗಿನ ಚುನಾವಣೆಗೆ ಹೋಗುತ್ತದೆ, ಕಥೆ ಅಲ್ಲೇ ನಿಲ್ಲುತ್ತದೆ.

ಆ ದಿನದ ಮಾತು ಹೀಗಿತ್ತು:

"ಮಕ್ಕಳೇ, ಅಪ್ಪ ಅಮ್ಮಂದಿರೇ, ಊರಿನ ಹಿರಿಯರೇ, ನಮಸ್ಕಾರ. ಈಗ ಅಧ್ಯಕ್ಷರು ಹಗ್ಗ ಎಳೆದರು, ಧ್ವಜ ಹಾರಿತು. ಯಾರಾದರೂ ಬಂದು ತಡೆದರಾ?"

"ಇಲ್ಲಾ ಸಾರ್!"

"1938ರಲ್ಲಿ ಶಿವಪುರದಲ್ಲಿ ತಡೆದರು. ಹಾರಿಸಬಾರದು ಅಂತ ಆಜ್ಞೆ ಇತ್ತು. ಆದರೂ ಸುತ್ತಮುತ್ತಲ ಹಳ್ಳಿಗಳಿಂದ ಸಾವಿರಾರು ಜನ ಬಂದರು. ನಿಮ್ಮ ಅಪ್ಪ ಅಮ್ಮನಂಥವರೇ, ಹೊಲ ಗದ್ದೆ ಮಾಡುವವರು. ಅವರ ಧ್ವಜದಲ್ಲಿ ಈ ಚಕ್ರ ಇರಲಿಲ್ಲ, ಚರಕ ಇತ್ತು. ಧ್ವಜ ಹಾರಿಸಿದರು. ಮುಂದಾಳುಗಳನ್ನು ಪೊಲೀಸರು ಹಿಡಿದುಕೊಂಡು ಹೋದರು. ಹಿಡಿಯುತ್ತಾರೆ ಅಂತ ಗೊತ್ತಿದ್ದೇ ಹೋಗಿದ್ದರು ಅವರು."

ಇಲ್ಲಿ ಸುಮ್ಮನೆ ನಿಂತೆ, ಐದಾರು ಉಸಿರಿನಷ್ಟು. ಆ ಮೌನವನ್ನೂ ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದೆ. ಇಲ್ಲದಿದ್ದರೆ ಗಾಬರಿಯಲ್ಲಿ ಮುಂದಕ್ಕೆ ಓಡಿಬಿಡುತ್ತೇವೆ.

ಪೋಷಕರಿಗೆ ಒಂದೇ ಮಾತು ಇಟ್ಟುಕೊಂಡಿದ್ದೆ. ಹಿಂದೆ ಅವತ್ತೇ ಗೈರುಹಾಜರಿ, ಸಮವಸ್ತ್ರ, ಶೌಚಾಲಯದ ದುರಸ್ತಿ ಎಲ್ಲ ಎತ್ತುತ್ತಿದ್ದೆ. ಕೂಲಿ ಬಿಟ್ಟು ಬಂದ ತಾಯಂದಿರು ತಲೆ ತಗ್ಗಿಸುತ್ತಿದ್ದರು. ಹಬ್ಬದ ದಿನ ಹಾಗೆ ಮಾಡಬಾರದಿತ್ತು. ಅವೆಲ್ಲ ಈಗ ಪೋಷಕರ ಸಭೆಗೆ. ಆ ದಿನ ಕೇಳಿದ್ದು ಇಷ್ಟೇ: "ಇವತ್ತು ರಾತ್ರಿ ಊಟದ ಹೊತ್ತಿಗೆ ಶಿವಪುರದ ಕಥೆಯನ್ನು ನಿಮ್ಮ ಮಗುವಿನಿಂದ ಹೇಳಿಸಿಕೊಳ್ಳಿ. ತಪ್ಪಿದರೂ ಪರವಾಗಿಲ್ಲ, ಪೂರ್ತಿ ಕೇಳಿ." ಓದು ಬಾರದ ತಾಯಿಗೂ ಇದು ಆಗುತ್ತದೆ, ಅಲ್ವಾ? 'ಮಕ್ಕಳ ಓದಿನ ಕಡೆ ಗಮನ ಕೊಡಿ' ಅಂದರೆ ಮನೆಗೆ ಹೋಗಿ ಏನು ಮಾಡಬೇಕು ಅಂತಲೇ ಅವರಿಗೆ ತಿಳಿಯುವುದಿಲ್ಲ.

ಮಾತು ಮಕ್ಕಳಿಗೆ ಮುಟ್ಟುತ್ತಿಲ್ಲ ಅಂತ ಹಾಳೆ ನೋಡಿ ಗೊತ್ತಾಗುವುದಿಲ್ಲ, ಮುಂದಿನ ಸಾಲು ನೋಡಿದರೆ ಗೊತ್ತಾಗುತ್ತದೆ. ನಲಿ-ಕಲಿ ಮಕ್ಕಳು ಬೆರಳಿನಿಂದ ಮಣ್ಣು ಗೀಚಲು ಶುರುಮಾಡಿದರೆ ಉಳಿದದ್ದನ್ನು ಬಿಟ್ಟು ನೇರ ಕೊನೆಗೆ ಬರುತ್ತೇನೆ. ಆ ವರ್ಷ ಹಾಗೆ ಬಿಡಬೇಕಾಗಲಿಲ್ಲ.

ಶಿವಪುರದ ಘಟನೆ ನಡೆದ ತಿಂಗಳಲ್ಲೇ, 1938ರ ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿತು, ಅನೇಕರು ಸತ್ತರು. ಅದನ್ನು ಬೇಕೆಂದೇ ಹೇಳಲಿಲ್ಲ. ಆರು ವರ್ಷದ ಮಗುವಿಗೆ ನಾಲ್ಕು ನಿಮಿಷದಲ್ಲಿ ಸಾವಿನ ಸುದ್ದಿ ಹೇಳಿ, ಕೂಡಲೇ ಕೈಗೆ ಸಿಹಿ ಕೊಡಲು ನನಗೆ ಮನಸ್ಸು ಬರಲಿಲ್ಲ. ಮರುದಿನ ಏಳನೇ ತರಗತಿಗೆ ಮಾತ್ರ ಒಂದು ಪೂರ್ತಿ ಪೀರಿಯಡ್ ತೆಗೆದುಕೊಂಡು ಅದನ್ನು ಹೇಳಿದೆ.