ಬಸ್ ಮುಂದೆ ಹೋಗದಿದ್ದರೆ ನಮ್ಮ ಹಣದ ಗತಿ ಏನು?

ಒಂದು ಪ್ರವಾಸ ಸಂಸ್ಥೆಯ ಕರಾರು ಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ನಲವತ್ತು ಜನರ ಗುಂಪು, ಎಂಟು ದಿನಗಳ ಬೆಟ್ಟದ ಪ್ರವಾಸ. ಹೊರಟವರಲ್ಲಿ ಹೆಚ್ಚಿನವರು ನಿವೃತ್ತರು. ಸಹಿ ಹಾಕುವ ಮೊದಲು ಕನ್ನಡದಲ್ಲಿ ಓದಿ ನೋಡಬೇಕು ಎಂದು ಅವರೇ ಕೇಳಿದ್ದರು. ಉಳಿದ ಷರತ್ತುಗಳೆಲ್ಲ ಎರಡು ದಿನದಲ್ಲಿ ಮುಗಿದವು. ಒಂದಕ್ಕೆ ಮಾತ್ರ ಒಂದು ವಾರ ಹಿಡಿಯಿತು. ಅದು ಫೋರ್ಸ್ ಮೆಜೂರ್ ಷರತ್ತು, ಅಂದರೆ ಕೈಮೀರಿದ ಕಾರಣದಿಂದ ಕರಾರು ಪಾಲಿಸಲಾಗದಿದ್ದರೆ ಏನು ಎಂದು ಹೇಳುವ ಷರತ್ತು.

ಮೂಲದಲ್ಲಿ ಅದು ಅರ್ಧ ಪುಟದ ಒಂದೇ ವಾಕ್ಯ. ನನ್ನ ಮೊದಲ ಕರಡಿನ ತಿರುಳು ಹೀಗಿತ್ತು: ‘ದೈವಕೃತ್ಯ, ಯುದ್ಧ, ಗಲಭೆ, ಮುಷ್ಕರ, ಸಾಂಕ್ರಾಮಿಕ ರೋಗ, ಸರ್ಕಾರಿ ಆದೇಶ ಇತ್ಯಾದಿ ತನ್ನ ನಿಯಂತ್ರಣಕ್ಕೆ ಮೀರಿದ ಕಾರಣಗಳಿಂದ ಉಂಟಾಗುವ ವಿಳಂಬ, ಬದಲಾವಣೆ ಅಥವಾ ರದ್ದತಿಗೆ ಸಂಸ್ಥೆಯು ಹೊಣೆಯಾಗಿರುವುದಿಲ್ಲ.’ ವ್ಯಾಕರಣದಲ್ಲಿ ದೋಷವಿಲ್ಲ, ಪದವೊಂದೂ ಬಿಟ್ಟುಹೋಗಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಗುಂಪಿನಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಓದಲು ಕೊಟ್ಟೆ. ಅವರು ಎರಡು ಸಲ ಓದಿದರು. ‘ಟೀಚರ್, ದಾರಿಯಲ್ಲಿ ಗುಡ್ಡ ಕುಸಿದು ಬಸ್ ಮುಂದೆ ಹೋಗದಿದ್ದರೆ ನಿಮ್ಮ ಹಣ ಏನಾಗುತ್ತದೆ?’ ಎಂದು ಕೇಳಿದೆ. ‘ದೈವಕೃತ್ಯ ಅಂದ ಮೇಲೆ ಯಾರನ್ನು ಕೇಳುವುದು? ಹೋಯಿತು ಅಂದುಕೊಳ್ಳಬೇಕು’ ಎಂದರು.

ನಾನು ಬರೆದ ಒಂದು ಪದ ಅವರ ಪ್ರಶ್ನೆಯನ್ನೇ ಅಡಗಿಸಿಬಿಟ್ಟಿತ್ತು. ಕಾನೂನಿನಲ್ಲಿ ದೈವಕೃತ್ಯ ಎಂದರೆ ಮನುಷ್ಯನ ಕೈವಾಡವಿಲ್ಲದ ನೈಸರ್ಗಿಕ ಘಟನೆ, ಅಷ್ಟೇ. ಕನ್ನಡದ ಕಿವಿಗೆ ಅದು ಹಣೆಬರಹದಂತೆ ಕೇಳಿಸುತ್ತದೆ. ಅಲ್ಲದೆ ಫೋರ್ಸ್ ಮೆಜೂರ್ ಅದಕ್ಕಿಂತ ವಿಶಾಲವಾದದ್ದು. ಫ್ರೆಂಚಿನಲ್ಲಿ ಅದರ ಅರ್ಥ ಮೇಲುಗೈಯ ಬಲ ಎಂದು. ಮುಷ್ಕರವೂ ಸರ್ಕಾರದ ಆದೇಶವೂ ಅದರಲ್ಲಿ ಬರಬಹುದು, ಅವು ಮನುಷ್ಯರೇ ಮಾಡುವಂಥವು. ‘ಅನಿವಾರ್ಯ ಶಕ್ತಿ’ ಎಂದು ಬರೆದು ನೋಡಿದೆ, ಓದಿದವರಿಗೆ ಏನೂ ಹೊಳೆಯಲಿಲ್ಲ. ಕೊನೆಗೆ ‘ಕೈಮೀರಿದ ಘಟನೆ’ ಎಂದು ಇಟ್ಟೆ. ಫೋರ್ಸ್ ಮೆಜೂರ್ ಎಂಬ ಹೆಸರನ್ನು ತಲೆಬರಹದಲ್ಲಿ ಒಂದೇ ಒಂದು ಸಲ ಉಳಿಸಿಕೊಂಡೆ. ನಾಳೆ ವಕೀಲರು ನೋಡಿದರೆ ಮೂಲದ ಯಾವ ಷರತ್ತು ಇದು ಎಂದು ಅವರಿಗೆ ಗೊತ್ತಾಗಬೇಕು.

ಆದರೆ ನಿಜವಾದ ತೊಡಕು ಇದ್ದದ್ದು ‘ಹೊಣೆಯಾಗಿರುವುದಿಲ್ಲ’ ಎಂಬಲ್ಲಿ. ಆ ಒಂದು ಕ್ರಿಯಾಪದದೊಳಗೆ ಮೂರು ಬೇರೆ ಬೇರೆ ಮಾತುಗಳಿವೆ. ಪ್ರವಾಸ ನಡೆಸದಿದ್ದದ್ದು ಕರಾರು ಮುರಿದಂತಲ್ಲ, ಆದ್ದರಿಂದ ಪರಿಹಾರ ಕೇಳುವಂತಿಲ್ಲ ಎಂಬುದು ಮೊದಲನೆಯದು. ಕಟ್ಟಿದ ಹಣ ವಾಪಸ್ ಬರುತ್ತದೆಯೇ ಎಂಬುದು ಎರಡನೆಯದು. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಹೆಚ್ಚಿನ ಖರ್ಚು ಯಾರದು ಎಂಬುದು ಮೂರನೆಯದು. ಪರಿಹಾರ ಬೇರೆ, ವಾಪಸಾತಿ ಬೇರೆ. ಹಾಲಿನವನು ಹಾಲು ತರಲಿಲ್ಲವೆಂದು ದಂಡ ಹಾಕದಿರುವುದು ಒಂದು, ತಾರದ ಹಾಲಿಗೆ ದುಡ್ಡು ಕೊಡುವುದು ಇನ್ನೊಂದು. ಓದುಗರು ಎರಡನ್ನೂ ಒಂದೇ ಎಂದು ಓದಿಕೊಳ್ಳುತ್ತಾರೆ, ಹಾಗೆ ಓದಿಕೊಂಡಾಗ ನಷ್ಟ ಅವರದೇ.

ಕಾನೂನು ಇಲ್ಲಿ ತಾನಾಗಿಯೇ ಕೈಹಿಡಿಯುತ್ತದೆ ಎಂದು ಕೂರುವಂತಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ ಸೆಕ್ಷನ್ 56ರ ಪ್ರಕಾರ, ಮಾಡಲು ಅಸಾಧ್ಯವಾದ ಕೆಲಸದ ಕರಾರು ಅನೂರ್ಜಿತವಾಗುತ್ತದೆ. ಹಾಗೆ ಅನೂರ್ಜಿತವಾದಾಗ ಪಡೆದ ಲಾಭವನ್ನು ಹಿಂದಿರುಗಿಸಬೇಕು ಎಂದು ಸೆಕ್ಷನ್ 65 ಹೇಳುತ್ತದೆ. ಆದರೆ ಕರಾರಿನಲ್ಲಿಯೇ ಫೋರ್ಸ್ ಮೆಜೂರ್ ಷರತ್ತು ಇದ್ದರೆ ಮೊದಲು ನೋಡುವುದು ಆ ಷರತ್ತನ್ನು. ಸುಪ್ರೀಂ ಕೋರ್ಟ್ 2017ರ ಎನರ್ಜಿ ವಾಚ್‌ಡಾಗ್ ತೀರ್ಪಿನಲ್ಲಿ ಇದನ್ನು ಹೇಳಿದೆ. ಹಾಗಾಗಿ ಷರತ್ತಿನಲ್ಲಿ ಹಣದ ಮಾತು ಬಿಡಿಸಿ ಬರೆದಿರಲೇಬೇಕು.

ಸಂಸ್ಥೆಯ ವ್ಯವಸ್ಥಾಪಕರಿಗೆ ಫೋನ್ ಮಾಡಿ, ‘ಸರ್, ಈ ವಾಕ್ಯದಲ್ಲಿ ಹಣದ ವಿಷಯವೇ ಇಲ್ಲ. ಇದ್ದಂತೆ ಅನುವಾದ ಮಾಡಿಕೊಡಬಲ್ಲೆ, ಆದರೆ ಓದಿದವರಿಗೆ ಅರ್ಥವಾಗುವಂತೆ ಬರೆಯಲು ನೀವು ಉತ್ತರ ಹೇಳಬೇಕು’ ಎಂದೆ. ಅನುವಾದಕರು ತಾವಾಗಿ ಉತ್ತರ ತುಂಬಿಬಿಟ್ಟರೆ ಮೂಲದಲ್ಲಿ ಇಲ್ಲದ ಹಕ್ಕನ್ನು ಸೃಷ್ಟಿಸಿದಂತೆ. ಎರಡು ಪ್ರತಿಗಳು ಬೇರೆ ಬೇರೆ ಮಾತು ಹೇಳತೊಡಗಿದರೆ ಜಗಳ ಅಲ್ಲಿಂದಲೇ ಶುರು. ವ್ಯವಸ್ಥಾಪಕರು ಯೋಚಿಸಿ, ಹೋಟೆಲ್‌ನವರು ಮುಂಗಡ ಹಿಂದಿರುಗಿಸದಿದ್ದರೆ ಅದನ್ನು ತಾವು ಭರಿಸಲಾರೆವು, ಮಿಕ್ಕಿದ್ದನ್ನು ಕೊಡುತ್ತೇವೆ ಎಂದರು. ಮೂಲ ಪ್ರತಿಯನ್ನೂ ಅದಕ್ಕೆ ತಕ್ಕಂತೆ ತಿದ್ದಿಸಿದರು.

ಅವರು ಹೇಳಿದ್ದನ್ನು ಲೆಕ್ಕ ಹಾಕಿ ನೋಡಿದೆ. ಊಟ, ವಸತಿ, ಬಸ್ ಸೇರಿ ಒಬ್ಬರಿಗೆ ದಿನಕ್ಕೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಐದನೆಯ ದಿನ ರಸ್ತೆ ಮುಚ್ಚಿ ಗುಂಪು ಹಿಂದಿರುಗಿತು. ಬಳಸದೆ ಉಳಿದ ಮೂರು ದಿನಕ್ಕೆ 9,000 ರೂಪಾಯಿ. ಅದರಲ್ಲಿ 2,500 ರೂಪಾಯಿ ಹೋಟೆಲ್‌ಗೆ ಕೊಟ್ಟ ಮುಂಗಡ, ಅದು ವಾಪಸ್ ಬರಲಿಲ್ಲ. ಪ್ರವಾಸಿಗೆ ಸಿಗುವುದು 6,500 ರೂಪಾಯಿ. ನನ್ನ ಮೊದಲ ಕರಡನ್ನು ಓದಿದ್ದರೆ ಈ ಮೊತ್ತವನ್ನು ಯಾರೂ ಕೇಳುತ್ತಲೇ ಇರಲಿಲ್ಲ.

ಇನ್ನೆರಡು ಪದಗಳ ಬಗ್ಗೆ ಎಚ್ಚರ ಬೇಕಾಯಿತು. ‘ಹಣ ಹಿಂದಿರುಗಿಸಬಹುದು’ ಎಂದರೆ ಕೊಟ್ಟರೂ ಕೊಡಬಹುದು, ಬಿಟ್ಟರೂ ಬಿಡಬಹುದು. ಕರಾರಿನಲ್ಲಿ ‘ಬಹುದು’ ಕಂಡಲ್ಲೆಲ್ಲ ನಿಂತು, ಇದು ಕರ್ತವ್ಯವೋ ಇಷ್ಟವೋ ಎಂದು ಕೇಳಿಕೊಳ್ಳುತ್ತೇನೆ. ಕರ್ತವ್ಯವಾದರೆ ‘ಹಿಂದಿರುಗಿಸುತ್ತದೆ’ ಎಂದೇ ಬರೆಯುತ್ತೇನೆ. ಮತ್ತೊಂದು ‘ಕಷ್ಟವಾದಲ್ಲಿ’. ಬಸ್ ಬಾಡಿಗೆ ಏರಿತು, ಡೀಸೆಲ್ ತುಟ್ಟಿಯಾಯಿತು ಎಂಬುದೂ ಕಷ್ಟವೇ. ಮೇಲೆ ಹೇಳಿದ ತೀರ್ಪಿನಲ್ಲಿ, ಆಮದು ಕಲ್ಲಿದ್ದಲಿನ ಬೆಲೆ ಏರಿದ್ದರಿಂದ ಕರಾರು ಪಾಲಿಸುವುದು ದುಬಾರಿಯಾಯಿತು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಆದ್ದರಿಂದ ‘ಸಾಧ್ಯವೇ ಆಗದಿದ್ದರೆ’ ಎಂದು ಬಿಗಿಯಾಗಿ ಬರೆದೆ. ‘ಇತ್ಯಾದಿ’ಯ ಬಾಲವನ್ನೂ ‘ಇಂಥದೇ ಬೇರೆ ಘಟನೆ’ ಎಂದು ಕಟ್ಟಿಹಾಕಿದೆ.

ಕೊನೆಗೆ ನಿಂತ ಪಠ್ಯ ಇದು:

‘ಕೈಮೀರಿದ ಘಟನೆ (ಫೋರ್ಸ್ ಮೆಜೂರ್). ಪ್ರವಾಹ, ಭೂಕುಸಿತ, ಭೂಕಂಪ, ಯುದ್ಧ, ಗಲಭೆ, ಮುಷ್ಕರ, ಸಾಂಕ್ರಾಮಿಕ ರೋಗ, ಪ್ರಯಾಣ ತಡೆಯುವ ಸರ್ಕಾರಿ ಆದೇಶ ಅಥವಾ ನಾವು ಮುಂಚೆ ಊಹಿಸಲಾಗದ, ತಡೆಯಲಾಗದ ಇಂಥದೇ ಬೇರೆ ಘಟನೆಯಿಂದ ಪ್ರವಾಸವನ್ನು ನಡೆಸಲು ಸಾಧ್ಯವೇ ಆಗದಿದ್ದರೆ, ನಾವು ಕರಾರು ಮುರಿದಂತೆ ಆಗುವುದಿಲ್ಲ. ಅದಕ್ಕಾಗಿ ನೀವು ಪರಿಹಾರ ಕೇಳುವಂತಿಲ್ಲ. ಆದರೆ ನೀವು ಬಳಸದೆ ಉಳಿದ ದಿನಗಳ ಹಣವನ್ನು ನಾವು 30 ದಿನಗಳ ಒಳಗೆ ಹಿಂದಿರುಗಿಸುತ್ತೇವೆ. ನಾವು ಈಗಾಗಲೇ ಬೇರೆಯವರಿಗೆ ಕೊಟ್ಟು, ಅವರು ವಾಪಸ್ ಕೊಡದ ಮೊತ್ತವನ್ನು ಮಾತ್ರ ರಸೀದಿ ತೋರಿಸಿ ಕಳೆಯುತ್ತೇವೆ. ದಾರಿಯಲ್ಲಿ ನಿಲ್ಲಬೇಕಾಗಿ ಬಂದರೆ ಉಳಿಯಲು ಜಾಗ ಹುಡುಕಿಕೊಡುವುದು ನಮ್ಮ ಕೆಲಸ, ಅಲ್ಲಿನ ಬಾಡಿಗೆ ಮತ್ತು ಊಟದ ಖರ್ಚು ನಿಮ್ಮದು.’

ಕೊನೆಯ ವಾಕ್ಯ ಪ್ರವಾಸಿಗೆ ಹಿತವಲ್ಲ. ಆದರೆ ಸಂಸ್ಥೆ ಒಪ್ಪಿದ್ದು ಅಷ್ಟೇ. ಮನೆಯಲ್ಲಿರುವಾಗಲೇ ಅದು ಗೊತ್ತಾದರೆ ಕೈಯಲ್ಲಿ ಸ್ವಲ್ಪ ಹಣ ಇಟ್ಟುಕೊಂಡು ಹೊರಡುತ್ತಾರೆ.

ಹೊಸ ಪಠ್ಯವನ್ನು ಮತ್ತೆ ಟೀಚರ್ ಹತ್ತಿರ ಒಯ್ದೆ. ಅದೇ ಪ್ರಶ್ನೆ ಕೇಳಿದೆ. ‘ಉಳಿದ ದಿನಗಳದ್ದು ಬರುತ್ತದೆ, ಹೋಟೆಲ್ ಮುಂಗಡ ಹಿಡಿದುಕೊಂಡರೆ ರಸೀದಿ ಕೇಳಬೇಕು’ ಎಂದರು. ಆಮೇಲೆ ಕನ್ನಡಕ ತೆಗೆದು, ‘ಹೊರಡುವ ದಿನ ನನಗೇ ಜ್ವರ ಬಂದರೆ? ಅದೂ ನನ್ನ ಕೈಮೀರಿದ್ದೇ ಅಲ್ಲವೇ?’ ಎಂದು ಕೇಳಿದರು. ಪದವನ್ನು ತಿಳಿಯಾಗಿಸಿದ್ದರಿಂದಲೇ ಹುಟ್ಟಿದ ಹೊಸ ಗೊಂದಲ ಅದು. ಷರತ್ತಿನ ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ‘ಪ್ರವಾಸಿಯೊಬ್ಬರ ಅನಾರೋಗ್ಯ ಅಥವಾ ವೈಯಕ್ತಿಕ ತೊಂದರೆಗೆ ಈ ಷರತ್ತು ಅನ್ವಯಿಸುವುದಿಲ್ಲ, ಅದಕ್ಕೆ ರದ್ದತಿಯ ಷರತ್ತನ್ನು ನೋಡಿ.’